ಕಲ್ಲಿನ ಗೋಡೆ, ಫರಸಿ ಛತ್ತಿನ ಹಳೆ ಮನೆ: ರಿಪೇರಿ ಖರ್ಚಿನ ಅಂದಾಜು ಪಟ್ಟಿ ಮಾಡುವ ಬಗೆ

ಕಲಬುರಗಿಯ ಹಳೆ ಓಣಿಗಳಲ್ಲಿ ಇನ್ನೂ ನಿಂತಿರುವ ಮನೆಗಳ ರಚನೆ ಹೆಚ್ಚುಕಡಿಮೆ ಒಂದೇ ಬಗೆ. ಒಂದೂವರೆ ಅಡಿ ದಪ್ಪದ ಶಹಾಬಾದ್ ಕಲ್ಲಿನ ಗೋಡೆ, ಕಬ್ಬಿಣದ ಗರ್ಡರ್ ಮೇಲೆ ಫರಸಿ ಹಾಸಿದ ಛತ್ತು, ಅದರ ಮೇಲೆ ಸುಣ್ಣದ ಗಾರೆ, ಕೆಳಗೆ ಫರಸಿ ನೆಲ. ಇಂಥ ಮನೆಯ ರಿಪೇರಿಗೆ ಗುತ್ತೇದಾರನನ್ನು ಕರೆದರೆ ಒಂದು ಸುತ್ತು ಹಾಕಿ ನೋಡಿ, 'ನಾಲ್ಕು ಲಕ್ಷ ಆಗ್ತದ್ರಿ' ಎಂದು ಒಟ್ಟು ಅಂಕಿ ಹೇಳುತ್ತಾನೆ. ಆ ನಾಲ್ಕು ಲಕ್ಷದಲ್ಲಿ ಏನು ಸೇರಿದೆ, ಏನಿಲ್ಲ ಎಂಬುದು ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಕೆಲಸ ಅರ್ಧಕ್ಕೆ ಬಂದಾಗ 'ಮಣ್ಣು ಸಾಗಿಸೋದು ಬ್ಯಾರೆ, ಗರ್ಡರ್ ಬ್ಯಾರೆ' ಎಂಬ ಮಾತು ಶುರುವಾಗುತ್ತದೆ.

ಇದಕ್ಕೆ ದಾರಿ ಒಂದೇ. ಮಾಡಬೇಕಾದ ಪ್ರತಿ ಕೆಲಸದ ಪ್ರಮಾಣವನ್ನು ನೀವೇ ಅಳೆಯಬೇಕು, ಪ್ರತಿಯೊಂದಕ್ಕೂ ದರ ಕಟ್ಟಬೇಕು, ಎರಡನ್ನೂ ಗುಣಿಸಿ ಒಂದು ಪಟ್ಟಿಯಲ್ಲಿ ಇಡಬೇಕು. ಸಿವಿಲ್ ಕೆಲಸದವರು ಬಿಲ್ ಆಫ್ ಕ್ವಾಂಟಿಟೀಸ್ ಅಥವಾ ಬಿಒಕ್ಯೂ ಎನ್ನುವುದು ಇದನ್ನೇ. ಇಲ್ಲಿ ಒಂದು ಮನೆಯನ್ನು ಹಿಡಿದು ಕೊನೆಯ ಸಾರಾಂಶದವರೆಗೂ ಲೆಕ್ಕ ಹಾಕಿ ತೋರಿಸುತ್ತೇನೆ. ದರಗಳನ್ನು ಈ ಉದಾಹರಣೆಗಾಗಿ ಹಿಡಿದಿದ್ದೇನೆ. ನಿಮ್ಮ ಪಟ್ಟಿಗೆ ನಿಮ್ಮ ಅಡ್ಡೆಯ ಕೂಲಿ, ನಿಮ್ಮ ಅಂಗಡಿಯ ಬೆಲೆ ಬರೆದುಕೊಳ್ಳಿ. ಲೆಕ್ಕದ ರೀತಿ ಬದಲಾಗುವುದಿಲ್ಲ.

ಮೊದಲು ಕೆಲಸದ ಗಡಿ ಹಾಕಿ

ನಮ್ಮ ಉದಾಹರಣೆಯ ಮನೆಯಲ್ಲಿ 16 ಅಡಿಗೆ 12 ಅಡಿಯ ಪಡಸಾಲೆ, 12ಕ್ಕೆ 10ರ ಎರಡು ಕೋಣೆ, 10ಕ್ಕೆ 8ರ ಅಡುಗೆಮನೆ ಇವೆ. ಗೋಡೆ ಎತ್ತರ 10 ಅಡಿ. ಛತ್ತು ಸೋರುತ್ತಿದೆ. ಪಡಸಾಲೆ ಮತ್ತು ಕೋಣೆಗಳ ಹಳೆ ಗಿಲಾವು (ಪ್ಲಾಸ್ಟರ್) ಉಬ್ಬಿ ಉದುರುತ್ತಿದೆ. ಅಡುಗೆಮನೆಯ ಗಿಲಾವು ಈಚಿನದು, ಗಟ್ಟಿಯಾಗಿದೆ. ನಾಲ್ಕೂ ಕಡೆ ನೆಲ ಕುಸಿದಿದೆ. ವೈರಿಂಗ್ ಹಳತು. ಬಚ್ಚಲು ಹಿತ್ತಲಲ್ಲಿದೆ, ಈ ಸಲ ಅದನ್ನು ಮುಟ್ಟುವುದಿಲ್ಲ.

ಏನು ಮುಟ್ಟುವುದಿಲ್ಲ ಎಂಬುದನ್ನೂ ಕಾಗದದ ಮೇಲೆ ಬರೆಯಿರಿ. 'ಬಚ್ಚಲು, ಹೊರಗೋಡೆಯ ಗಿಲಾವು, ಬಾಗಿಲು-ಕಿಟಕಿ ಈ ಕೆಲಸದಲ್ಲಿ ಇಲ್ಲ' ಎಂಬ ಒಂದು ಸಾಲು ಮುಂದೆ ಎಷ್ಟೋ ಜಗಳವನ್ನು ತಪ್ಪಿಸುತ್ತದೆ.

ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಅಡಿಗೊಂದರಂತೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಟೊಳ್ಳು ಗೋಡೆಯ ಕಾಲು ಭಾಗದಷ್ಟೇ ಇದ್ದರೆ ಆ ಭಾಗವನ್ನು ಮಾತ್ರ ಕೆತ್ತಿ ತೇಪೆ ಹಾಕಬಹುದು. ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ ತೆಗೆಯುವುದೇ ಮೇಲು, ಯಾಕೆಂದರೆ ಹಳತು-ಹೊಸತು ಕೂಡುವ ಜಾಗದಲ್ಲೆಲ್ಲ ಮತ್ತೆ ಬಿರುಕು ಬಿಡುತ್ತದೆ. ಈ ಮನೆಯಲ್ಲಿ ಪೂರ್ತಿ ತೆಗೆಯುವುದೆಂದು ಹಿಡಿದಿದ್ದೇನೆ.

ಅಳತೆ ಹಾಳೆ

ಅಳತೆ ಹಾಳೆಯಲ್ಲಿ ವಿವರ, ಸಂಖ್ಯೆ, ಉದ್ದ, ಅಗಲ, ಎತ್ತರ, ಪ್ರಮಾಣ ಎಂದು ಆರು ಕಾಲಂ ಸಾಕು. ಮೊಬೈಲ್ ಅಥವಾ ಕಂಪ್ಯೂಟರಿನ ಶೀಟ್‌ನಲ್ಲಿ ಮಾಡುವುದಾದರೆ ಪ್ರಮಾಣದ ಕಾಲಂನಲ್ಲಿ ಈ ಸೂತ್ರ ಹಾಕಿ:

```
=PRODUCT(B3:E3)
```

ಇಲ್ಲಿ B ಸಂಖ್ಯೆ, C ಉದ್ದ, D ಅಗಲ, E ಎತ್ತರ. ಖಾಲಿ ಬಿಟ್ಟ ಚೌಕವನ್ನು ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಉದ್ದ, ಚದರ, ಘನ ಮೂರು ಬಗೆಯ ಅಳತೆಗೂ ಇದೊಂದೇ ಸಾಕಾಗುತ್ತದೆ. ಕಳೆಯಬೇಕಾದ ಬಾಗಿಲಿಗೆ ಸಂಖ್ಯೆಯನ್ನು −1 ಎಂದು ಬರೆದರೆ ಮೊತ್ತ ತಾನಾಗಿಯೇ ಕಡಿಮೆಯಾಗುತ್ತದೆ.

ಗಿಲಾವಿನ ಅಳತೆ ಹೀಗೆ ಬರುತ್ತದೆ. ಪಡಸಾಲೆಯ ಸುತ್ತಳತೆ 56 ಅಡಿ, ಒಂದು ಕೋಣೆಯದು 44 ಅಡಿ.

| ವಿವರ | ಸಂಖ್ಯೆ | ಉದ್ದ | ಎತ್ತರ | ಚದರಡಿ |
|---|---|---|---|---|
| ಪಡಸಾಲೆ ಗೋಡೆ | 1 | 56 | 10 | 560 |
| ಕೋಣೆ ಗೋಡೆ | 2 | 44 | 10 | 880 |
| ಕಳೆಯುವುದು: ಒಳಬಾಗಿಲು | −3 | 3 | 7 | −63 |
| ಒಟ್ಟು | | | | 1377 |

ಕಿಟಕಿಗಳನ್ನೂ ತಲೆಬಾಗಿಲನ್ನೂ ಯಾಕೆ ಕಳೆದಿಲ್ಲ ಎಂದು ಕೇಳಬಹುದು. ದಪ್ಪ ಗೋಡೆಯ ಮನೆಗಳಲ್ಲಿ ಇದು ಮುಖ್ಯ. 4 ಅಡಿಗೆ 4 ಅಡಿಯ ಕಿಟಕಿ ಎಂದರೆ 16 ಚದರಡಿ ಖಾಲಿ ಜಾಗ. ಆದರೆ ಚೌಕಟ್ಟು ಗೋಡೆಯ ಹೊರಮೈ ಹತ್ತಿರ ಇರುವುದರಿಂದ ಒಳಗಡೆ ಒಂದು ಅಡಿ ಆಳದ ಸಂದು ಉಳಿಯುತ್ತದೆ. ಅದರ ನಾಲ್ಕೂ ಬದಿಗೆ ಗಿಲಾವು ಮಾಡಲೇಬೇಕು. ನಾಲ್ಕು ಬದಿ ಸೇರಿ 16 ಅಡಿ ಉದ್ದ, ಒಂದು ಅಡಿ ಆಳ, ಅಂದರೆ ಮತ್ತೆ 16 ಚದರಡಿ. ಕಳೆಯುವುದೂ ಕೂಡುವುದೂ ಸರಿಹೋಯಿತು. ತಲೆಬಾಗಿಲಿನದೂ ಇದೇ ಕಥೆ: 21 ಚದರಡಿ ಹೋದರೆ 17 ಚದರಡಿ ಬದಿಗಳು ಬರುತ್ತವೆ. ತೆಳು ಇಟ್ಟಂಗಿ ಗೋಡೆಯ ಲೆಕ್ಕ ರೂಢಿಯಾದವರು ಇಲ್ಲಿ ಎಲ್ಲ ಕಿಟಕಿಗಳನ್ನೂ ಕಳೆದು, ಬದಿಗಳನ್ನು ಮರೆತು ಪ್ರಮಾಣವನ್ನು ಕಡಿಮೆ ತೋರಿಸುತ್ತಾರೆ. ಕೊನೆಗೆ ಬಿಲ್ಲಿನಲ್ಲಿ ಅದು ಏರಿಯೇ ಏರುತ್ತದೆ.

ಒಳಬಾಗಿಲುಗಳಿಗೆ ಐಎಸ್ 1200 ಎಂಬ ಭಾರತೀಯ ಮಾನಕದ ಅಳತೆ ನಿಯಮವನ್ನು ಅನುಸರಿಸಿದ್ದೇನೆ. ಅರ್ಧ ಚದರ ಮೀಟರಿಗಿಂತ ಚಿಕ್ಕ ಕಂಡಿಯನ್ನು ಕಳೆಯುವಂತಿಲ್ಲ. ಅರ್ಧದಿಂದ 3 ಚದರ ಮೀಟರಿನವರೆಗಿನದು, ಎರಡೂ ಮೈಗೆ ಗಿಲಾವು ಇದ್ದರೆ ಒಂದು ಮೈಗೆ ಮಾತ್ರ ಕಳೆಯಬೇಕು, ಬದಿಗಳನ್ನು ಬೇರೆ ಕೂಡುವಂತಿಲ್ಲ. ನೀವು ಯಾವ ನಿಯಮವನ್ನೇ ಹಿಡಿಯಿರಿ, ಅದನ್ನು ಪಟ್ಟಿಯ ತಲೆಯಲ್ಲಿ ಬರೆದು ಗುತ್ತೇದಾರನಿಗೂ ತೋರಿಸಿ. ಇಬ್ಬರೂ ಒಂದೇ ರೀತಿ ಅಳೆಯದಿದ್ದರೆ ದರ ಒಪ್ಪಿಕೊಂಡೂ ಉಪಯೋಗವಿಲ್ಲ.

ನೆಲದ ಅಳತೆ ಸುಲಭ. ಪಡಸಾಲೆ 192, ಕೋಣೆ ಎರಡು ಸೇರಿ 240, ಅಡುಗೆಮನೆ 80, ಒಟ್ಟು 512 ಚದರಡಿ. ಇದರ ಮೇಲೆ ಬಾಗಿಲ ಕೆಳಗಿನ ಜಾಗ ಬರುತ್ತದೆ. ಗೋಡೆ ಒಂದೂವರೆ ಅಡಿ ದಪ್ಪ ಇರುವುದರಿಂದ ಪ್ರತಿ ಬಾಗಿಲಿನಡಿ 4.5 ಚದರಡಿ ನೆಲ ಇದೆ. ತಲೆಬಾಗಿಲು, ಹಿತ್ತಲ ಬಾಗಿಲು, ಒಳಗಿನ ಮೂರು, ಹೀಗೆ ಐದು ಬಾಗಿಲಿಗೆ 22.5. ಒಟ್ಟು 535 ಚದರಡಿ ಎಂದು ಹಿಡಿಯೋಣ. ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಬಾಗಿಲುಗಳ 24 ಅಡಿ ಕಳೆದು 156 ಅಡಿ ಉದ್ದ.

ಟೈಲ್ಸ್ ಒಡೆದು ಹಾಳಾಗುವ ಭಾಗವನ್ನು ಇಲ್ಲಿ ಕೂಡಬೇಡಿ. ಪಟ್ಟಿಯಲ್ಲಿ ಬರುವುದು ಹಾಸಿ ಮುಗಿದ ನೆಲದ ಅಳತೆ. ಹಾಳಾಗುವುದು ದರದೊಳಗೆ ಹೋಗಬೇಕು. ಎರಡೂ ಕಡೆ ಸೇರಿಸಿದರೆ ಒಂದೇ ಟೈಲ್ಸಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಖರೀದಿಗೆ ಹೋಗುವಾಗ ಮಾತ್ರ ಬೇರೆ ಲೆಕ್ಕ ಮಾಡಿ: ನೆಲ 535, ನಾಲ್ಕು ಇಂಚಿನ ಬುಡಪಟ್ಟಿಗೆ 52, ಒಟ್ಟು 587. ಅದಕ್ಕೆ ನೂರಕ್ಕೆ 8 ಸೇರಿಸಿದರೆ 634 ಚದರಡಿ. 600 ಮಿಲಿಮೀಟರ್ ಟೈಲ್ಸ್ ನಾಲ್ಕಿರುವ ಪೆಟ್ಟಿಗೆಯನ್ನು ಅಂಗಡಿಯವರು 16 ಚದರಡಿ ಎನ್ನುತ್ತಾರೆ, ನಿಜವಾಗಿ ಬರುವುದು 15.5. ಆದ್ದರಿಂದ 41 ಪೆಟ್ಟಿಗೆ ಬೇಕು. ಎಲ್ಲವನ್ನೂ ಒಂದೇ ಸಲ, ಒಂದೇ ಬ್ಯಾಚ್ ನಂಬರಿನದು ತನ್ನಿ. ಆಮೇಲೆ ತಂದ ಎರಡು ಪೆಟ್ಟಿಗೆಯ ಬಣ್ಣ ಹೊಂದುವುದು ಕಷ್ಟ.

ಛತ್ತಿನ ಒಳಮೈ, ಅಂದರೆ ಕಟ್ಟೆಗೋಡೆಗಳ ನಡುವಿನ ಜಾಗ, 28ಕ್ಕೆ 23 ಅಡಿ, 644 ಚದರಡಿ. ನೀರು ತಡೆಯಲು ಇಟ್ಟಂಗಿ ಚೂರಿನಿಂದ ಹಾಕುವ ಹೊಸ ಪದರವನ್ನು, ಅಂದರೆ ಕೋಬಾವನ್ನು, ಕಟ್ಟೆಗೋಡೆಯ ಮೇಲೆ ಒಂದು ಅಡಿ ಏರಿಸಬೇಕು. ಸುತ್ತಳತೆ 102 ಅಡಿ ಇರುವುದರಿಂದ ಅದು 102 ಚದರಡಿ. ಒಟ್ಟು 746. ಏರಿಸುವ ಈ ಒಂದು ಅಡಿಯನ್ನು ಬಿಟ್ಟು ದರ ಕೇಳುವವರೇ ಹೆಚ್ಚು. ಛತ್ತು ಸೋರುವುದು ಬಹಳ ಸಲ ಅದೇ ಮೂಲೆಯಿಂದ.

ಕೆಡವುವುದು, ಸಾಗಿಸುವುದು

ಹೊಸ ಮನೆಯ ಅಂದಾಜಿಗೂ ಹಳೆ ಮನೆಯ ಅಂದಾಜಿಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ತೆಗೆಯುವ ಪ್ರತಿ ಪದರದ ದಪ್ಪವನ್ನು ಗೊತ್ತುಮಾಡಿಕೊಳ್ಳದೆ ಲೆಕ್ಕ ಮುಂದೆ ಸಾಗುವುದಿಲ್ಲ. ಒಂದೊಂದು ಕಡೆ ಅಡಿ ಚೌಕ ಅಗೆದು ನೋಡಿ. ನಮ್ಮ ಮನೆಯಲ್ಲಿ ಹಳೆ ಗಿಲಾವು ಒಂದೂವರೆ ಇಂಚು, ಫರಸಿ ಕೆಳಗಿನ ಮಣ್ಣು-ಸುಣ್ಣದ ಹಾಸು 3 ಇಂಚು, ಛತ್ತಿನ ಗಾರೆ 4 ಇಂಚು.

ಗಿಲಾವು 1377 ಚದರಡಿ, ಒಂದೂವರೆ ಇಂಚು: 172 ಘನ ಅಡಿ. ನೆಲದ ಹಾಸು 535 ಚದರಡಿ, 3 ಇಂಚು: 134 ಘನ ಅಡಿ. ಛತ್ತಿನ ಗಾರೆ 644 ಚದರಡಿ, 4 ಇಂಚು: 215 ಘನ ಅಡಿ. ಒಟ್ಟು 521. ಆದರೆ ಕೆಡವಿದ ಮೇಲೆ ಅದು ಸಡಿಲವಾಗಿ ಉಬ್ಬುತ್ತದೆ. ಗಟ್ಟಿ ಅಳತೆಗೆ 1.4ರಿಂದ ಗುಣಿಸಿದರೆ 729 ಘನ ಅಡಿ, ನೂರು ಘನ ಅಡಿಗೆ ಒಂದು ಬ್ರಾಸ್ ಎನ್ನುವ ನಮ್ಮ ಕಡೆಯ ಮಾತಿನಲ್ಲಿ ಏಳು ಬ್ರಾಸ್ ಮೇಲೆ. ಟ್ರ್ಯಾಕ್ಟರ್ ಟ್ರಾಲಿಗೆ ಒಂದು ಬ್ರಾಸ್ ಹಿಡಿದರೆ 8 ಟ್ರಿಪ್.

ಓಣಿಯೊಳಗೆ ಟ್ರ್ಯಾಕ್ಟರ್ ಬರದಿದ್ದರೆ ಬುಟ್ಟಿಯಲ್ಲಿ ಹೊತ್ತು ರಸ್ತೆಗೆ ತರುವ ಕೂಲಿಯೂ ಸೇರಬೇಕು. ಇಲ್ಲಿ ಟ್ರಿಪ್ಪಿಗೆ ಟ್ರ್ಯಾಕ್ಟರ್ 1200, ಹೊರುವ-ತುಂಬುವ ಕೂಲಿ 1000, ಒಟ್ಟು 2200 ಎಂದು ಹಿಡಿದಿದ್ದೇನೆ. ತೆಗೆದ ಫರಸಿಯನ್ನು ಒಡೆಯದೆ ಹಿತ್ತಲಲ್ಲಿ ಜೋಡಿಸಿಡಬೇಕು ಎಂದು ಕೆಡವುವ ಕೆಲಸದ ವಿವರದಲ್ಲೇ ಬರೆಯಿರಿ. ಹಾಗೆ ಬರೆಯದಿದ್ದರೆ ಕೈಗೆ ಸಿಗುವುದು ಚೂರುಗಳೇ. ಒಳ್ಳೆಯ ಫರಸಿ ಅಂಗಳಕ್ಕೋ ಬಚ್ಚಲಿನ ಸುತ್ತಲಿಗೋ ಮತ್ತೆ ಬರುತ್ತದೆ.

ಛತ್ತಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆ ಗಾರೆಯನ್ನು ತೆಗೆಯದೆ ಅದರ ಮೇಲೆಯೇ ಮತ್ತೊಂದು ಪದರ ಹಾಕಿದರೆ ಖರ್ಚು ಕಡಿಮೆ ಎಂದು ಹೇಳುವವರಿದ್ದಾರೆ. 644 ಚದರಡಿಯ ಮೇಲೆ ಒಂದೇ ಇಂಚು ಗಾರೆ ಸುಮಾರು 3 ಟನ್ ತೂಗುತ್ತದೆ. ನಾಲ್ಕು ಇಂಚು ಏರಿಸಿದರೆ ತುಕ್ಕು ಹಿಡಿದ ಗರ್ಡರ್ ಮೇಲೆ 12 ಟನ್ ಹೊಸ ಭಾರ ಹೇರಿದಂತೆ. ಕೆಡವುವ 12,880 ರೂಪಾಯಿ ಉಳಿಸಲು ಈ ಗಂಡಾಂತರ ಬೇಡ. ಮೊದಲು ಹಳೆ ಭಾರ ಇಳಿಸಿ, ಗರ್ಡರ್‌ಗಳನ್ನು ಗೋಡೆಯೊಳಗೆ ಹೋಗುವ ತುದಿಯವರೆಗೂ ಸ್ವಚ್ಛ ಮಾಡಿಸಿ ನೋಡಿ. ತುಕ್ಕಿನ ಪದರಗಳು ಹಪ್ಪಳದಂತೆ ಏಳುವುದು ಸಾಮಾನ್ಯವಾಗಿ ಆ ತುದಿಯಲ್ಲೇ. ಅಲ್ಲಿ ಅಂಥದ್ದು ಕಂಡರೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಬಂದು ನೋಡದೆ ಹೊಸ ಪದರ ಹಾಕಿಸಬೇಡಿ. ಈ ಕೆಲಸವನ್ನು ಮಳೆಗಾಲಕ್ಕೆ ಮುಂಚೆ, ನೆಲ ಮುಟ್ಟುವುದಕ್ಕೂ ಮುಂಚೆ ಮುಗಿಸಬೇಕು.

ದರ ಕಟ್ಟುವುದು: ಗಿಲಾವಿನ ಉದಾಹರಣೆ

ಎಲ್ಲ ಕೆಲಸದ ದರವನ್ನೂ ಬಿಡಿಸಿ ನೋಡುವ ಅಗತ್ಯವಿಲ್ಲ. ಪಟ್ಟಿಯಲ್ಲಿ ದೊಡ್ಡ ಮೊತ್ತದ ಎರಡು-ಮೂರನ್ನು ಬಿಡಿಸಿ ನೋಡಿದರೆ ಸಾಕು. ಗಿಲಾವನ್ನು ಆರಿಸಿದ್ದೇನೆ, ಯಾಕೆಂದರೆ ಕಲ್ಲಿನ ಮನೆಯಲ್ಲಿ ಹೆಚ್ಚು ಮೋಸ ಹೋಗುವುದು ಇದರಲ್ಲಿ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ನೆಂಟರು ಹೇಳಿದ ದರವನ್ನು ಇಲ್ಲಿ ಬರೆದುಕೊಳ್ಳುತ್ತಾರೆ. ಅನುಭವದ ಗೌಂಡಿ ಗೋಡೆ ನೋಡಿದ ಕೂಡಲೇ ಹೇಳುತ್ತಾನೆ: 'ಸರ, ಇದು ಇಟ್ಟಂಗಿ ಗ್ವಾಡಿ ಅಲ್ರಿ, ಕಲ್ಲಿನ ಗ್ವಾಡಿ. ಮಾಲು ಭಾಳ ಕುಡೀತದ.'

ಎಷ್ಟು ಕುಡಿಯುತ್ತದೆ ಎಂದು ಅಳೆಯಬಹುದು. ಕೆಟ್ಟದಾಗಿರುವ ಗೋಡೆಯಲ್ಲಿ 3 ಅಡಿ ಚೌಕದಷ್ಟು ಗಿಲಾವು ಕೆತ್ತಿಸಿ. ಓಳಂಬ ಹಿಡಿದು, ಹೊಸ ಗಿಲಾವಿನ ಮೇಲ್ಮೈ ಬರಬೇಕಾದ ಜಾಗಕ್ಕೆ ದಾರ ಕಟ್ಟಿ. ದಾರದಿಂದ ಕಲ್ಲಿಗೆ ಎಷ್ಟು ಅಂತರವಿದೆ ಎಂದು ಎಂಟ್ಹತ್ತು ಕಡೆ ಅಳೆದು ಸರಾಸರಿ ತೆಗೆಯಿರಿ. ಉಬ್ಬಿದ ಕಲ್ಲಿನ ಮೇಲೆ ಅರ್ಧ ಇಂಚು, ತಗ್ಗಿನಲ್ಲಿ ಒಂದೂವರೆ ಇಂಚು ಬಂದು, ಇಲ್ಲಿ ಸರಾಸರಿ ಒಂದು ಇಂಚು ಎಂದು ಹಿಡಿಯೋಣ.

ಈಗ 100 ಚದರಡಿಗೆ ಲೆಕ್ಕ. ಒಂದು ಇಂಚು ದಪ್ಪಕ್ಕೆ 8.33 ಘನ ಅಡಿ ಹಸಿ ಮಾಲು ಬೇಕು. ಕಲ್ಲಿನ ಸಂದುಗಳಿಗೆ ಮತ್ತು ಕೆಳಗೆ ಬೀಳುವುದಕ್ಕೆ ನೂರಕ್ಕೆ 20 ಸೇರಿಸಿದರೆ 10 ಘನ ಅಡಿ. ಒಣ ಸಿಮೆಂಟು-ಉಸುಕು ನೀರು ಬೆರೆತಾಗ ಕುಗ್ಗುವುದರಿಂದ 1.3ರಿಂದ ಗುಣಿಸಿ, 13 ಘನ ಅಡಿ ಒಣ ಮಾಲು. ಒಂದಕ್ಕೆ ಐದರ ಮಿಶ್ರಣದಲ್ಲಿ ಆರರಲ್ಲಿ ಒಂದು ಪಾಲು ಸಿಮೆಂಟು, ಅಂದರೆ 2.17 ಘನ ಅಡಿ. ಒಂದು ಚೀಲ 1.25 ಘನ ಅಡಿ, ಹಾಗಾಗಿ ಒಂದೂಮುಕ್ಕಾಲು ಚೀಲ. ಉಳಿದ 10.83 ಘನ ಅಡಿ ಉಸುಕು.

ಸಿಮೆಂಟು ಚೀಲಕ್ಕೆ 380ರಂತೆ 665 ರೂಪಾಯಿ. ಗಿಲಾವಿನ ಎಂ ಸ್ಯಾಂಡ್ ಬ್ರಾಸಿಗೆ 5500, ಅಂದರೆ ಘನ ಅಡಿಗೆ 55ರಂತೆ 596. ಕಲ್ಲಿನ ಗೋಡೆಯಲ್ಲಿ ಒಬ್ಬ ಗೌಂಡಿ, ಇಬ್ಬರು ಆಳು ದಿನಕ್ಕೆ ನೂರು ಚದರಡಿ ಮುಗಿಸುತ್ತಾರೆ: ಗೌಂಡಿಗೆ 1000, ಆಳಿಗೆ 600ರಂತೆ ಇಬ್ಬರಿಗೆ 1200, ಸೇರಿ 2200. ಮಂಚಿಗೆ, ಗಿಲಾವು ಒಣಗದಂತೆ ಹೊಡೆಯುವ ನೀರು, ಸಾಮಾನು 150. ಒಟ್ಟು 3611. ಗುತ್ತೇದಾರನ ಮೇಲ್ವಿಚಾರಣೆ ಮತ್ತು ಲಾಭ ನೂರಕ್ಕೆ 15 ಸೇರಿಸಿದರೆ 4153. ಚದರಡಿಗೆ 42 ರೂಪಾಯಿ ಎಂದು ಬರೆಯಬಹುದು.

ಇದೇ ಕೂಲಿ, ಇದೇ ಬೆಲೆಗೆ ನೇರ ಇಟ್ಟಂಗಿ ಗೋಡೆಯ 12 ಮಿಲಿಮೀಟರ್ ಗಿಲಾವು ಎಷ್ಟಾಗುತ್ತದೆ? ಮಾಲು ಅರ್ಧಕ್ಕಿಂತ ಕಡಿಮೆ, ದಿನದ ಕೆಲಸ 140 ಚದರಡಿ. ಲೆಕ್ಕ ಹಾಕಿದರೆ 27 ರೂಪಾಯಿ ಆಸುಪಾಸು ಬರುತ್ತದೆ. ನೆಂಟರ ದರವನ್ನು ನಂಬಿದ್ದರೆ ಚದರಡಿಗೆ 15ರಂತೆ 1377 ಚದರಡಿಗೆ 20,655 ರೂಪಾಯಿ ಪಟ್ಟಿಯಲ್ಲಿ ಕಡಿಮೆ ಬೀಳುತ್ತಿತ್ತು. ಅಷ್ಟು ಕಡಿಮೆ ದರಕ್ಕೆ ಒಪ್ಪಿಕೊಂಡ ಗುತ್ತೇದಾರ ಮಿಶ್ರಣದಲ್ಲಿ ಉಸುಕು ಹೆಚ್ಚು ಮಾಡಿಯೋ, ನೀರು ಹೊಡೆಯುವುದನ್ನು ಬಿಟ್ಟೋ ಅದನ್ನು ಸರಿದೂಗಿಸುತ್ತಾನೆ. ಗೋಡೆಗೆ ಉಗುರಿನಿಂದ ಗೀರಿದಾಗ ಉಸುಕು ಉದುರಿದರೆ ಹಾಗಾಗಿದೆ ಎಂದು ತಿಳಿಯಬಹುದು.

ಸರಾಸರಿ ದಪ್ಪ ಒಂದೂವರೆ ಇಂಚಿಗೆ ಏರಿದರೆ ಮಾಲಿನ ಖರ್ಚು ಅರ್ಧದಷ್ಟು ಹೆಚ್ಚುತ್ತದೆ. ಚದರಡಿಗೆ ಸುಮಾರು 7 ರೂಪಾಯಿ, ಒಟ್ಟು ಹತ್ತು ಸಾವಿರದ ಹತ್ತಿರ. ಅಷ್ಟು ದಪ್ಪವನ್ನು ಒಂದೇ ಸಲ ಬಡಿದರೆ ಜಾರುತ್ತದೆ, ಎರಡು ಪದರ ಬೇಕು, ಆಗ ಕೂಲಿಯೂ ಏರುತ್ತದೆ. ದಾರ ಕಟ್ಟಿ ಅಳೆಯಲು ಅರ್ಧ ದಿನ ಕೊಡುವುದು ಈ ಕಾರಣಕ್ಕೆ.

ಈ ಬಿಡಿಸಿದ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ. 1377 ಚದರಡಿಗೆ ಸಿಮೆಂಟು 24 ಚೀಲ, ಉಸುಕು ಒಂದೂವರೆ ಬ್ರಾಸ್ ಎಂದು ಮೊದಲೇ ಗೊತ್ತಾಗುತ್ತದೆ. ಸಾಮಾನು ನೀವೇ ಕೊಡಿಸುವುದಾದರೆ, 14 ಚೀಲದಲ್ಲೇ ಗಿಲಾವು ಮುಗಿದರೂ ಅನುಮಾನಿಸಿ, 40 ಚೀಲ ಕೇಳಿದರೂ ಅನುಮಾನಿಸಿ.

ಉಳಿದವುಗಳಿಗೆ ಮೂರು ಜನರಿಂದ ದರ ಕೇಳಿದರೆ ಸಾಕು. ಕೇಳುವಾಗ ಕೆಲಸದ ವಿವರ ಮೂವರಿಗೂ ಒಂದೇ ಇರಬೇಕು. ವಿವರ ಬರೆಯಲು ಲೋಕೋಪಯೋಗಿ ಇಲಾಖೆಯ ದರಪಟ್ಟಿ ಒಳ್ಳೆಯ ಮಾದರಿ. ಯಾವ ಮಿಶ್ರಣ, ಎಷ್ಟು ದಪ್ಪ, ನೀರು ಹೊಡೆಯುವುದು ಸೇರಿದೆಯೋ ಇಲ್ಲವೋ ಎಲ್ಲ ಅದರಲ್ಲಿ ಬಿಡಿಸಿ ಬರೆದಿರುತ್ತದೆ. ಅದರ ದರಗಳು ಮೀಟರಿನಲ್ಲಿವೆ. ಚದರ ಮೀಟರಿನ ದರವನ್ನು 10.76ರಿಂದ, ಘನ ಮೀಟರಿನದನ್ನು 35.3ರಿಂದ ಭಾಗಿಸಿ ಅಡಿ ಲೆಕ್ಕಕ್ಕೆ ತನ್ನಿ. ದೊಡ್ಡ ಸರ್ಕಾರಿ ಕೆಲಸಕ್ಕೆ ಮಾಡಿದ ದರ ಅದು. ನಾಲ್ಕು ಕೋಣೆಯ ಕೆಲಸಕ್ಕೆ ಅದೇ ದರದಲ್ಲಿ ಯಾರೂ ಸಿಗದಿರಬಹುದು, ಆದರೆ ಯಾರಾದರೂ ಅದರ ಎರಡು ಪಟ್ಟು ಹೇಳಿದರೆ ಕಾರಣ ಕೇಳಲು ಆಧಾರ ಸಿಗುತ್ತದೆ.

ವೈರಿಂಗ್ ಬಗ್ಗೆ ಒಂದು ಮಾತು. ಕಲ್ಲಿನ ಗೋಡೆಯಲ್ಲಿ ಕೊರೆದು ಪೈಪ್ ಹೂಳುವುದು ದುಬಾರಿ, ಗೋಡೆಗೂ ಒಳ್ಳೆಯದಲ್ಲ. ಹೊರಗೆ ಕಾಣುವ ಪಟ್ಟಿಯೊಳಗೆ ವೈರ್ ಎಳೆಯುವ ದರವನ್ನು ಪಾಯಿಂಟಿಗೆ ಇಷ್ಟು ಎಂದು ಕೇಳಿ.

ಕಾಣದೇ ಇರುವುದಕ್ಕೆ ಎರಡು ಬೇರೆ ಸಾಲು

ಹಳೆ ಮನೆಯಲ್ಲಿ ಗೊತ್ತಿಲ್ಲದ ವಿಷಯ ಎರಡು ಬಗೆ. ಏನಾಗಬಹುದು ಎಂದು ಗೊತ್ತಿದೆ, ಎಷ್ಟು ಎಂದು ಗೊತ್ತಿಲ್ಲ ಎಂಬುದು ಒಂದು. ಗಾರೆ ತೆಗೆದಾಗ ಕೆಲವು ಫರಸಿ ಬಿರುಕು ಬಿಟ್ಟಿರುವುದು, ಒಂದು ಗರ್ಡರ್ ಕೊಳೆತಿರುವುದು ಇಂಥದ್ದು. ಇದಕ್ಕೆ ತಾತ್ಕಾಲಿಕ ಮೊತ್ತವನ್ನು ಇಡಿ, ಆದರೆ ಪ್ರಮಾಣ ಮತ್ತು ದರ ಎರಡನ್ನೂ ಬರೆಯಿರಿ: ಛತ್ತಿನ ಫರಸಿ 50 ಚದರಡಿ, 180ರಂತೆ 9000, ಆಸರೆ ಕೊಟ್ಟು ಒಂದು ಗರ್ಡರ್ ಬದಲಿಸಲು 16,000, ಒಟ್ಟು 25,000. ಕೆಲಸವಾದ ಮೇಲೆ ನಿಜವಾಗಿ ಬದಲಿಸಿದ್ದನ್ನು ಅಳೆದು ಅದೇ ದರದಲ್ಲಿ ಕೊಡುವುದು. ಛತ್ತು ಬಿಚ್ಚಿಟ್ಟಿರುವಾಗ ದರದ ಮಾತು ಆಡುವ ಪರಿಸ್ಥಿತಿ ಬರಬಾರದು.

ಇನ್ನೊಂದು, ಯಾರ ತಲೆಗೂ ಹೊಳೆಯದೇ ಇದ್ದದ್ದು. ಅದಕ್ಕೆ ಅನಿರೀಕ್ಷಿತ ಖರ್ಚು ಎಂದು ನೂರಕ್ಕೆ 10 ಇಡಿ. ಇದು ನಿಮ್ಮ ಕೈಯಲ್ಲಿ ಇರುವ ದುಡ್ಡು. ಗುತ್ತೇದಾರನಿಗೆ ಕೊಡುವ ಪ್ರತಿಯಲ್ಲಿ ಈ ಸಾಲನ್ನು ತೋರಿಸಬೇಕಾಗಿಲ್ಲ.

ತೆರಿಗೆಯನ್ನೂ ಈಗಲೇ ಕೇಳಿ. ಜಿಎಸ್‌ಟಿ ನೋಂದಣಿ ಇರುವ ಗುತ್ತೇದಾರ ಸಾಮಾನು-ಕೂಲಿ ಸೇರಿದ ಬಿಲ್ಲಿಗೆ ನೂರಕ್ಕೆ 18 ಹಾಕುತ್ತಾನೆ. 'ರೇಟ್ ಎಲ್ಲ ಸೇರಿ' ಎಂದು ಬಾಯಲ್ಲಿ ಹೇಳಿದ್ದು ಸಾಲದು, ಪಟ್ಟಿಯಲ್ಲಿ ಬರೆಸಿ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರ ಬದಲು 18 ಆಗಿದೆ. ಅದಕ್ಕಿಂತ ಹಿಂದಿನ ಅಂದಾಜು ಪಟ್ಟಿಯನ್ನು ನಕಲು ಮಾಡುತ್ತಿದ್ದರೆ ಸಿಮೆಂಟಿನ ಬೆಲೆಯನ್ನು ಹೊಸದಾಗಿ ಕೇಳಿಕೊಳ್ಳಿ.

ಬಿಲ್ ಆಫ್ ಕ್ವಾಂಟಿಟೀಸ್ ಮತ್ತು ಸಾರಾಂಶ

ಈಗ ಎಲ್ಲವನ್ನೂ ಜೋಡಿಸಬಹುದು. ನಿಜವಾದ ಪಟ್ಟಿಯಲ್ಲಿ ವಿವರದ ಕಾಲಂ ಇದರ ನಾಲ್ಕು ಪಟ್ಟು ಉದ್ದ ಇರಬೇಕು. ಉದಾಹರಣೆಗೆ 7ನೇ ಕೆಲಸ ಹೀಗಿರಲಿ: 'ಒಳಗಿನ ಕಲ್ಲಿನ ಗೋಡೆಗೆ ಸಂದು ಕೆದಕಿ, ತೊಳೆದು, ಸರಾಸರಿ ಒಂದು ಇಂಚು ದಪ್ಪದ 1:5 ಸಿಮೆಂಟ್ ಗಿಲಾವು, ಮಂಚಿಗೆ ಮತ್ತು ಏಳು ದಿನ ನೀರು ಹೊಡೆಯುವುದು ಸೇರಿ.' ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ದಿನಕ್ಕೆ ಎರಡು ಹೊತ್ತು ನೀರು ಸಾಲದು, ಅದನ್ನೂ ಬರೆಯಿರಿ.

| ಕ್ರ. ಸಂ. | ಕೆಲಸ | ಪ್ರಮಾಣ | ಅಳತೆ | ದರ (ರೂ.) | ಮೊತ್ತ (ರೂ.) |
|---|---|---|---|---|---|
| 1 | ಹಳೆ ಗಿಲಾವು ಕೆತ್ತುವುದು | 1377 | ಚದರಡಿ | 8 | 11,016 |
| 2 | ಫರಸಿ ತೆಗೆದು ಜೋಡಿಸಿಡುವುದು | 535 | ಚದರಡಿ | 12 | 6,420 |
| 3 | ಛತ್ತಿನ ಗಾರೆ ತೆಗೆಯುವುದು | 644 | ಚದರಡಿ | 20 | 12,880 |
| 4 | ಕೆಡವಿದ್ದನ್ನು ಸಾಗಿಸುವುದು | 8 | ಟ್ರಿಪ್ | 2200 | 17,600 |
| 5 | ಛತ್ತಿಗೆ ಇಟ್ಟಂಗಿ ಚೂರಿನ ಕೋಬಾ, ನೀರು ತಡೆ | 746 | ಚದರಡಿ | 110 | 82,060 |
| 6 | ಛತ್ತಿನ ಕೆಳಮೈ ಸಂದು ತುಂಬಿ, ಗರ್ಡರ್ ಉಜ್ಜಿ ಬಣ್ಣ | 512 | ಚದರಡಿ | 18 | 9,216 |
| 7 | ಒಳಗೋಡೆ ಗಿಲಾವು | 1377 | ಚದರಡಿ | 42 | 57,834 |
| 8 | ನೆಲಕ್ಕೆ 3 ಇಂಚು ಕಾಂಕ್ರೀಟ್ ಹಾಸು | 134 | ಘನ ಅಡಿ | 140 | 18,760 |
| 9 | ವಿಟ್ರಿಫೈಡ್ ಟೈಲ್ಸ್ | 535 | ಚದರಡಿ | 126 | 67,410 |
| 10 | ಬುಡಪಟ್ಟಿ | 156 | ಅಡಿ | 45 | 7,020 |
| 11 | ವೈರಿಂಗ್ ಪಾಯಿಂಟ್ | 28 | ಪಾಯಿಂಟ್ | 1100 | 30,800 |
| 12 | ಮೇನ್ ಬೋರ್ಡ್, ಎಂಸಿಬಿ ಸಹಿತ | 1 | ಸಂಖ್ಯೆ | 9000 | 9,000 |
| 13 | ಗೋಡೆಗೆ ಪುಟ್ಟಿ, ಪ್ರೈಮರ್, ಎರಡು ಕೈ ಬಣ್ಣ | 1737 | ಚದರಡಿ | 32 | 55,584 |

ಬಣ್ಣದ ಅಳತೆ ಗಿಲಾವಿಗಿಂತ 360 ಚದರಡಿ ಹೆಚ್ಚಿರುವುದು ಅಡುಗೆಮನೆಯ ಗೋಡೆ ಸೇರಿದ್ದರಿಂದ. ಹೀಗೆ ಒಂದು ಅಳತೆ ಇನ್ನೊಂದರ ಜೊತೆ ತಾಳೆಯಾಗುತ್ತದೆಯೇ ಎಂದು ನೋಡುತ್ತ ಹೋಗಿ. 2 ಮತ್ತು 9 ಒಂದೇ ಇರಬೇಕು. 1 ಮತ್ತು 7 ಒಂದೇ ಇರಬೇಕು. 8ನೆಯದು 9ನೆಯದರ ಕಾಲು ಭಾಗ ಇರಬೇಕು, ಯಾಕೆಂದರೆ 3 ಇಂಚು ಅಂದರೆ ಕಾಲು ಅಡಿ. ತಪ್ಪು ಒತ್ತಿದ ಅಂಕಿ ಇಲ್ಲೇ ಸಿಕ್ಕಿಬೀಳುತ್ತದೆ.

ಸಾರಾಂಶ:

| ಭಾಗ | ಮೊತ್ತ (ರೂ.) |
|---|---|
| ಕೆಡವುವುದು, ಸಾಗಿಸುವುದು (1–4) | 47,916 |
| ಛತ್ತು (5–6) | 91,276 |
| ಗಿಲಾವು (7) | 57,834 |
| ನೆಲ (8–10) | 93,190 |
| ವಿದ್ಯುತ್ (11–12) | 39,800 |
| ಬಣ್ಣ (13) | 55,584 |
| ಅಳತೆಯ ಕೆಲಸಗಳ ಮೊತ್ತ | 3,85,600 |
| ತಾತ್ಕಾಲಿಕ ಮೊತ್ತ: ಛತ್ತಿನ ಫರಸಿ, ಗರ್ಡರ್ | 25,000 |
| ಕೂಡಿದ ಮೊತ್ತ | 4,10,600 |
| ಅನಿರೀಕ್ಷಿತ, ನೂರಕ್ಕೆ 10 | 41,060 |
| ತೆರಿಗೆ ಬಿಟ್ಟು ಒಟ್ಟು | 4,51,660 |
| ತೆರಿಗೆ ಬಿಲ್ ಆದರೆ ಜಿಎಸ್‌ಟಿ, ನೂರಕ್ಕೆ 18 | 81,299 |
| ತೆರಿಗೆ ಸೇರಿ | 5,32,959 |

ಕೈಯಲ್ಲಿ ನಾಲ್ಕೇ ಲಕ್ಷ ಇದ್ದರೆ ಎಲ್ಲಿ ಕಡಿಮೆ ಮಾಡಬೇಕು ಎಂಬುದನ್ನೂ ಈ ಸಾರಾಂಶದಲ್ಲೇ ನೋಡಬಹುದು. ಎಲ್ಲರ ಬಳಿಯೂ ದರ ಇಳಿಸಿ ಎಂದು ಚೌಕಾಸಿ ಮಾಡುವ ಬದಲು ಒಂದು ಇಡೀ ಭಾಗವನ್ನು ಮುಂದಕ್ಕೆ ಹಾಕಿ. ಬಣ್ಣದ 55,584 ಅದಕ್ಕೆ ತಕ್ಕದ್ದು. ಹೊಸ ಗಿಲಾವಿನೊಳಗಿನ ತೇವ ಪೂರ್ತಿ ಆರುವವರೆಗೆ ದಪ್ಪ ಕಲ್ಲಿನ ಗೋಡೆಗೆ ಪುಟ್ಟಿ ಹಚ್ಚಬಾರದು, ಹೇಗೂ ಕೆಲವು ತಿಂಗಳು ಕಾಯಬೇಕು. ಛತ್ತಿನ ಭಾಗದಿಂದ ಮಾತ್ರ ಒಂದು ರೂಪಾಯಿಯನ್ನೂ ತೆಗೆಯಬೇಡಿ, ಅದು ಸೋರಿದರೆ ಕೆಳಗಿನ ಐದೂ ಭಾಗದ ದುಡ್ಡು ನೀರುಪಾಲು.

ಗುತ್ತೇದಾರನಿಗೆ ಕೊಡುವಾಗ ದರ ಮತ್ತು ಮೊತ್ತದ ಕಾಲಂ ಖಾಲಿ ಬಿಟ್ಟ ಪ್ರತಿಯನ್ನು ಕೊಡಿ. ಅವನು ತುಂಬಿ ತಂದದ್ದನ್ನು ನಿಮ್ಮ ಪ್ರತಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಒಂದು ಸಾಲಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಹೆಚ್ಚಾಗಲಿ ಕಡಿಮೆಯಾಗಲಿ, ಆ ಸಾಲಿನ ವಿವರವನ್ನು ಅವನು ಹೇಗೆ ಅರ್ಥ ಮಾಡಿಕೊಂಡಿದ್ದಾನೆ ಎಂದು ಗೋಡೆಯ ಎದುರೇ ನಿಂತು ಕೇಳಿ. ಕಡಿಮೆ ಬರೆದ ಸಾಲುಗಳನ್ನು ಮೊದಲು ಕೇಳಿ.